ಒಂದೇ ದಿನದಲ್ಲಿ ಮೂರು ಸುಸ್ತು: ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರ ಬೆಳಗಿನ ನಡಿಗೆ ಮತ್ತು ಊಟದ ಪ್ರಕರಣ

ಬ್ಯಾಂಕಿನ ಕೌಂಟರಿನಲ್ಲಿ 34 ವರ್ಷ ಕುಳಿತು ಕೆಲಸ ಮಾಡಿ 60ನೆಯ ವಯಸ್ಸಿಗೆ ನಿವೃತ್ತರಾದ ಗುಮಾಸ್ತರೊಬ್ಬರು, ನಿವೃತ್ತಿಯ ಮೂರನೆಯ ದಿನವೇ ಬೆಳಗಿನ ನಡಿಗೆ ಆರಂಭಿಸಿದರು. ಅದಾಗಿ ಹತ್ತು ವಾರಗಳ ನಂತರ ಅವರು ಪತ್ನಿಯ ಜೊತೆ ನನ್ನಲ್ಲಿಗೆ ಬಂದರು. ನಾನು ಆಹಾರ ಸಲಹೆಗಾರ್ತಿ. ಅವರನ್ನು ನೋಡುತ್ತಿದ್ದ ವೈದ್ಯರು ರಕ್ತ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಗಾಬರಿಪಡುವಂಥದ್ದು ಏನೂ ಕಾಣದ ಕಾರಣ, ಊಟದ ಕಡೆಯಿಂದ ಒಮ್ಮೆ ನೋಡಲಿ ಎಂದು ಕಳುಹಿಸಿದ್ದರು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಖಾಲಿ ಹೊಟ್ಟೆಯ ಸಕ್ಕರೆ, ಸೋಡಿಯಂ, ಮೂತ್ರಪಿಂಡದ ಕ್ರಿಯಾಟಿನಿನ್ ಎಲ್ಲವೂ ಸರಿಯಾದ ಮಿತಿಯಲ್ಲಿಯೇ ಇದ್ದವು. ಸುಸ್ತು ಎಂದು ಬಂದವರಿಗೆ ಊಟದ ಮಾತು ಹೇಳುವ ಮೊದಲು ಈ ಪರೀಕ್ಷೆಗಳು ಆಗಿರಲೇಬೇಕು. ರಕ್ತಹೀನತೆಯನ್ನೋ ಥೈರಾಯ್ಡ್ ಕೊರತೆಯನ್ನೋ ಬೆಳಗಿನ ಉಪಾಹಾರದಿಂದ ಸರಿಪಡಿಸಲು ಆಗುವುದಿಲ್ಲ.

ಅವರು ಹೇಳಿದ ದೂರು ಒಂದೇ ವಾಕ್ಯದ್ದು: "ಮೇಡಂ, ನಡೆಯಲು ಶುರು ಮಾಡಿದ ಮೇಲೆ ಶಕ್ತಿ ಬರಬೇಕಿತ್ತು, ಇದ್ದದ್ದೂ ಹೋಯಿತು." ಪತ್ನಿ ಅದಕ್ಕೆ ಸೇರಿಸಿದರು: "ಇವರ ವಯಸ್ಸಿಗೆ ಇಷ್ಟು ನಡಿಗೆ ಜಾಸ್ತಿ ಆಯ್ತು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ಬಿಡಿಸಿಬಿಡಿ." ನಡಿಗೆಯನ್ನು ಬಿಡಿಸುವುದೋ ಉಳಿಸುವುದೋ ಎಂಬ ಪ್ರಶ್ನೆಯಾಗಿಯೇ ಪ್ರಕರಣ ನನ್ನ ಮುಂದೆ ಬಂತು. ಉತ್ತರ ಬೇರೆಲ್ಲೋ ಇದೆ ಎಂದು ತಿಳಿದದ್ದು ಅವರು ಚೀಲದಿಂದ ತೆಗೆದ ಒಂದು ನೋಟ್‌ಬುಕ್ಕಿನಿಂದ.

ಲೆಕ್ಕದ ಪುಸ್ತಕ

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಮನೆಯಲ್ಲಿಯೂ ಸುಮ್ಮನಿರಲಿಲ್ಲ. ಮೊದಲ ದಿನದಿಂದಲೂ ಅವರು ಗೆರೆ ಎಳೆದ ಪುಟಗಳಲ್ಲಿ ದಿನಾಂಕ, ನಡೆದ ದೂರ, ತೆಗೆದುಕೊಂಡ ಹೊತ್ತು, ತಿಂದದ್ದು, ವಾರಕ್ಕೊಮ್ಮೆ ತೂಕ, ಕೊನೆಯ ಅಂಕಣದಲ್ಲಿ 'ಷರಾ' ಎಂದು ಬರೆದಿಟ್ಟಿದ್ದರು. ಅವರು ಶಕ್ತಿಯನ್ನು ಜಮಾ ಖರ್ಚಿನ ಹಾಗೆ ನೋಡುತ್ತಿದ್ದರು: ತಿಂದದ್ದು ಜಮಾ, ನಡೆದದ್ದು ಖರ್ಚು, ದಿನದ ಕೊನೆಗೆ ಖರ್ಚು ಹೆಚ್ಚಾಗಿದ್ದರೆ ತೂಕ ಇಳಿಯುತ್ತದೆ. ತೂಕದ ಮಟ್ಟಿಗೆ ಈ ಲೆಕ್ಕ ತಪ್ಪಲ್ಲ. ಆದರೆ ಶಕ್ತಿಯ ಮಟ್ಟಿಗೆ ಅದು ಅರ್ಧ ಲೆಕ್ಕ, ಏಕೆಂದರೆ ಯಾವ ಹೊತ್ತಿನಲ್ಲಿ ಜಮಾ ಆಯಿತು, ಯಾವ ರೂಪದಲ್ಲಿ ಆಯಿತು ಎಂಬುದಕ್ಕೆ ಅದರಲ್ಲಿ ಅಂಕಣವೇ ಇರುವುದಿಲ್ಲ.

ಪುಸ್ತಕದ ಪ್ರಕಾರ ಅವರ ದಿನ ಹೀಗಿತ್ತು. ಬೆಳಿಗ್ಗೆ 5ಕ್ಕೆ ಎದ್ದು, ರಕ್ತದೊತ್ತಡದ ಮಾತ್ರೆಯನ್ನು ಒಂದು ಲೋಟ ಕಾಫಿಯ ಜೊತೆ ನುಂಗಿ, 5:30ಕ್ಕೆ ಹೊರಟು ಒಂದು ಗಂಟೆಯಲ್ಲಿ 5 ಕಿಲೋಮೀಟರ್ ನಡೆಯುತ್ತಿದ್ದರು. ವಾರದ ಏಳೂ ದಿನ, ಮೊದಲ ದಿನದಿಂದಲೇ ಅಷ್ಟು ದೂರ. ಮುಗಿದ ಮೇಲೆ ಒಂದು ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತು ಮನೆಗೆ ಹೋಗುತ್ತಿದ್ದರು. 10ಕ್ಕೆ ಇನ್ನೊಂದು ಕಾಫಿ, ನಾಲ್ಕು ಬಿಸ್ಕತ್ತು. 1:30ಕ್ಕೆ ಅನ್ನ, ತರಕಾರಿ, ತೆಳ್ಳನೆಯ ಬೇಳೆ, ಮೊಸರು. 5ಕ್ಕೆ ಕಾಫಿ. ರಾತ್ರಿ 8:30ಕ್ಕೆ ಒಂದು ಹಣ್ಣು, ಒಂದು ಲೋಟ ಹಾಲು. ನಿವೃತ್ತಿಗೆ ಮುಂಚೆ ಬೆಳಿಗ್ಗೆ ಹೊಟ್ಟೆ ತುಂಬ ತಿಂದು, ರಾತ್ರಿ ಪೂರ್ತಿ ಊಟ ಮಾಡುತ್ತಿದ್ದವರು, ನಡಿಗೆಯ ಫಲ ಬೇಗ ಕಾಣಲಿ ಎಂದು ಎರಡನ್ನೂ ಕೈಬಿಟ್ಟಿದ್ದರು. ನಡಿಗೆ ಸುರುವಾದದ್ದೂ ಊಟ ಇಳಿದದ್ದೂ ಒಂದೇ ವಾರದಲ್ಲಿ. ಮನೆಯವರ ಕಣ್ಣಿಗೆ ಬಿದ್ದದ್ದು ನಡಿಗೆ ಮಾತ್ರ, ಆದ್ದರಿಂದ ತಪ್ಪೂ ಅದರ ಮೇಲೆಯೇ ಬಿತ್ತು.

ತೂಕ ಹತ್ತು ವಾರಗಳಲ್ಲಿ 74ರಿಂದ 68.5 ಕಿಲೋಗ್ರಾಂಗೆ ಇಳಿದಿತ್ತು. ಅವರ ಫೋನಿನಲ್ಲಿದ್ದ ಆ್ಯಪ್ ಪ್ರತಿ ನಡಿಗೆಗೂ 300ಕ್ಕಿಂತ ಹೆಚ್ಚು ಕ್ಯಾಲೊರಿ ತೋರಿಸುತ್ತಿದ್ದುದರಿಂದ, ಇದೆಲ್ಲ ನಡಿಗೆಯದೇ ಸಾಧನೆ ಎಂದು ಅವರು ನಂಬಿದ್ದರು. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ, ಸುಮ್ಮನೆ ಕುಳಿತಿದ್ದರೂ ಖರ್ಚಾಗುವುದನ್ನು ಕಳೆದರೆ, ಹೆಚ್ಚುವರಿಯಾಗಿ ಖರ್ಚಾಗುವುದು ದೇಹದ ಪ್ರತಿ ಕಿಲೋಗ್ರಾಂಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಅರ್ಧ ಕ್ಯಾಲೊರಿ. ಅವರ ಲೆಕ್ಕಕ್ಕೆ ಅದು ದಿನಕ್ಕೆ 180ರ ಆಸುಪಾಸು. ಒಂದು ಕಿಲೋಗ್ರಾಂ ತೂಕಕ್ಕೆ 7,700 ಕ್ಯಾಲೊರಿ ಎಂಬ ರೂಢಿಯ ಅಂದಾಜನ್ನು ಇಟ್ಟುಕೊಂಡರೆ, ಐದೂವರೆ ಕಿಲೋಗ್ರಾಂ ಇಳಿಯಲು ದಿನಕ್ಕೆ ಸುಮಾರು 600 ಕ್ಯಾಲೊರಿಯ ಕೊರತೆ ಬೀಳಬೇಕು. ಹಾಗಾದರೆ ಉಳಿದ 420 ಬಂದದ್ದು ತಟ್ಟೆಯಿಂದ. ಈ ಲೆಕ್ಕವನ್ನು ಅವರ ಮುಂದೆಯೇ ಕಾಗದದ ಮೇಲೆ ಮಾಡಿದಾಗ, ಅವರು ಮತ್ತೊಮ್ಮೆ ತಾವೇ ಕೂಡಿ ಕಳೆದು ನೋಡಿ ಒಪ್ಪಿಕೊಂಡರು. ಮುಂದಿನ ಮಾತೆಲ್ಲ ಸಲೀಸಾಗಲು ಅದೇ ಕಾರಣ. ಯಾರ ಮಾತಿಗಿಂತಲೂ ತಾವು ತಾಳೆ ನೋಡಿದ ಅಂಕಿಯನ್ನು ನಂಬುವವರು ಅವರು.

ಷರಾ ಅಂಕಣವನ್ನು ಓದುತ್ತ ಹೋದಾಗ, 'ಸುಸ್ತು' ಎಂಬ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ಅನುಭವಗಳು ಸೇರಿಕೊಂಡಿರುವುದು ಕಂಡಿತು. ಬೆಳಿಗ್ಗೆ 6:40ರ ಹೊತ್ತಿಗೆ ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು ಒಂದು. 11ರ ಹೊತ್ತಿಗೆ ತಡೆಯಲಾರದ ತೂಕಡಿಕೆ ಇನ್ನೊಂದು. ಸಂಜೆ ಮೆಟ್ಟಿಲು ಹತ್ತುವಾಗ ಕಾಲಿನಲ್ಲಿ ಬಲವಿಲ್ಲದಂತಾಗಿ ಕಂಬಿ ಹಿಡಿಯಬೇಕಾಗುವುದು ಮೂರನೆಯದು. ಮೂರಕ್ಕೂ ಮನೆಯಲ್ಲಿ ಕೊಟ್ಟಿದ್ದ ವಿವರಣೆ ಒಂದೇ, 'ಶುಗರ್ ಕಡಿಮೆಯಾಗುತ್ತಿದೆ'. ಔಷಧವೂ ಒಂದೇ, ಎರಡು ಚಮಚ ಸಕ್ಕರೆ.

6:40ರ ತಲೆಸುತ್ತು

ಹತ್ತು ವಾರಗಳಲ್ಲಿ ತಲೆಸುತ್ತಿನ ಷರಾ 14 ಕಡೆ ಇತ್ತು. ಅದರಲ್ಲಿ 13 ಕಡೆ ಒಂದೇ ಕ್ರಿಯಾಪದ: 'ಎದ್ದಾಗ'. ನಡೆಯುತ್ತಿರುವಾಗ ಒಮ್ಮೆಯೂ ಬಂದಿಲ್ಲ, ಬೆಂಚಿನಿಂದ ಎದ್ದಾಗ ಬಂದಿದೆ. ಉಳಿದ ಒಂದು ಬಿಸಿನೀರಿನ ಸ್ನಾನ ಮುಗಿಸಿ ನಿಂತಾಗ ಬಂದದ್ದು. ಸಕ್ಕರೆ ಬಾಯಿಗೆ ಹಾಕಿಕೊಂಡು ಮತ್ತೆ ಕುಳಿತ ಕೂಡಲೇ ಸರಿಹೋಯಿತು ಎಂದೂ ಅವರು ಬರೆದಿದ್ದರು, ಮತ್ತು ಸಕ್ಕರೆ ಇಳಿದಿತ್ತು ಎಂಬುದಕ್ಕೆ ಅದನ್ನೇ ಪುರಾವೆಯಾಗಿ ತೋರಿಸಿದರು.

ನನಗೆ ಅದು ತದ್ವಿರುದ್ಧದ ಪುರಾವೆಯಾಗಿ ಕಂಡಿತು. ತಿಂದ ಸಕ್ಕರೆ ರಕ್ತಕ್ಕೆ ಸೇರಿ ಗುಣ ತೋರಿಸಲು ಹತ್ತು ಹದಿನೈದು ನಿಮಿಷ ಬೇಕು. ಒಂದು ನಿಮಿಷದೊಳಗೆ ಸರಿಹೋಗಿದ್ದರೆ ಅದು ಕುಳಿತದ್ದರ ಗುಣ, ಸಕ್ಕರೆಯದಲ್ಲ. ಜೊತೆಗೆ, ಮಧುಮೇಹದ ಔಷಧ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಒಂದು ಗಂಟೆಯ ಸಾಧಾರಣ ನಡಿಗೆಯಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ತೀರ ಅಪರೂಪ. ರಾತ್ರಿಯ ಉಪವಾಸದಲ್ಲಿ, ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಬಹಳಷ್ಟು ಖರ್ಚಾಗಿರುತ್ತದೆ, ನಿಜ. ಆದರೆ ನಿಧಾನದ ನಡಿಗೆಗೆ ದೇಹ ಹೆಚ್ಚಾಗಿ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ, ಮತ್ತು ಯಕೃತ್ತು ಬೇಕಾದಷ್ಟು ಗ್ಲುಕೋಸನ್ನು ಹೊಸದಾಗಿ ತಯಾರಿಸಿಕೊಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರ ಮತ್ತು ಮಧುಮೇಹದ ಕೆಲವು ಮಾತ್ರೆಗಳನ್ನು ನುಂಗುವವರ ವಿಷಯ ಬೇರೆ. ಅವರಿಗೆ ಖಾಲಿ ಹೊಟ್ಟೆಯ ನಡಿಗೆಯಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ನಿಜವಾಗಿಯೇ ಇಳಿಯಬಹುದು, ಮತ್ತು ಆಗ ಸಕ್ಕರೆ ತಿನ್ನುವುದೇ ಸರಿಯಾದ ಕ್ರಮ.

ಊಹೆಯಲ್ಲಿ ನಿಲ್ಲುವುದು ಬೇಡವೆಂದು, ಮುಂದಿನ ಸಲ ತಲೆ ಸುತ್ತಿದಾಗ ಕುಳಿತುಕೊಂಡು ಮೊದಲು ಗ್ಲುಕೋಮೀಟರಿನಲ್ಲಿ ನೋಡಿ, ಸಕ್ಕರೆ ಆಮೇಲೆ ತಿನ್ನಿ ಎಂದೆ. ನಾಲ್ಕನೆಯ ದಿನ ಅವಕಾಶ ಬಂತು. ಮೀಟರ್ 94 ತೋರಿಸಿತು. ಆ ವಾರವೇ ವೈದ್ಯರು ಅವರ ರಕ್ತದೊತ್ತಡವನ್ನು ಕುಳಿತಾಗ ಒಮ್ಮೆ, ನಿಂತು ಒಂದು ನಿಮಿಷವಾದ ಮೇಲೆ ಇನ್ನೊಮ್ಮೆ ಅಳೆದರು. ಕುಳಿತಾಗ 118/74 ಇದ್ದದ್ದು ನಿಂತಾಗ 96/66 ಆಯಿತು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ಭಂಗಿ ಬದಲಾದಾಗ ಬೀಳುವ ರಕ್ತದೊತ್ತಡ ಎಂದು ಗುರುತಿಸುತ್ತಾರೆ. ಇವರದು 22 ಇಳಿದಿತ್ತು.

ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಿದ್ದವು. ಅವರ ಮಾತ್ರೆಯಲ್ಲಿ ಮೂತ್ರದ ಮೂಲಕ ನೀರನ್ನು ಹೊರಹಾಕುವ ಔಷಧವೂ ಸೇರಿತ್ತು, ಮತ್ತು ಅದರ ಪ್ರಮಾಣ ನಿಗದಿಯಾದದ್ದು ಅವರು 74 ಕಿಲೋಗ್ರಾಂ ಇದ್ದು ಇಡೀ ದಿನ ಕುಳಿತಿರುತ್ತಿದ್ದ ಕಾಲದಲ್ಲಿ. ತೂಕ ಇಳಿದರೂ ನಡಿಗೆ ಹೆಚ್ಚಿದರೂ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ, ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲಿಯೇ ಉಳಿದಿತ್ತು. ಇದರ ಮೇಲೆ ಅವರು ಹಿಂದಿನ ಸಂಜೆ 7ರ ನಂತರ ನೀರನ್ನೇ ಕುಡಿಯುತ್ತಿರಲಿಲ್ಲ. ಏಕೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುದಾರಿಯಲ್ಲಿ ಮೂತ್ರಕ್ಕೆ ಅವಸರವಾಗುತ್ತೆ ಮೇಡಂ, ಅದಕ್ಕೆ" ಎಂದರು. ಈ ವಯಸ್ಸಿನ ಅನೇಕರು ಹೀಗೆ ಮಾಡುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ಕೊನೆಯದಾಗಿ, ಒಂದು ಗಂಟೆ ನಡೆದಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಹೆಜ್ಜೆ ಹಾಕುತ್ತಿರುವವರೆಗೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ, ಥಟ್ಟನೆ ಕುಳಿತರೆ ಆ ಒತ್ತು ನಿಂತು ರಕ್ತ ಕಾಲಿನಲ್ಲಿಯೇ ತಂಗುತ್ತದೆ. ಅದೇ ಸ್ಥಿತಿಯಲ್ಲಿ ಎದ್ದು ನಿಂತರೆ ಮಿದುಳಿಗೆ ಕೆಲವು ಕ್ಷಣ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಬಿಸಿನೀರಿನ ಸ್ನಾನವೂ ರಕ್ತನಾಳಗಳನ್ನು ಹೀಗೆಯೇ ಹಿಗ್ಗಿಸುವುದರಿಂದ, ಆ ಒಂಟಿ ಷರಾ ಕೂಡ ಇದೇ ಕಥೆಗೆ ಸೇರಿಕೊಂಡಿತು.

ಮಾತ್ರೆಯ ಪ್ರಮಾಣವನ್ನು ವೈದ್ಯರು ಅರ್ಧಕ್ಕೆ ಇಳಿಸಿ, ಅದನ್ನು ಉಪಾಹಾರದ ನಂತರ ತೆಗೆದುಕೊಳ್ಳಲು ಹೇಳಿದರು. ಈ ತೀರ್ಮಾನ ವೈದ್ಯರದೇ ಆಗಿರಬೇಕು. ತಲೆ ಸುತ್ತುತ್ತದೆ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸಿದವರ ರಕ್ತದೊತ್ತಡ ಸದ್ದಿಲ್ಲದೆ ಮೇಲೇರಿದ್ದನ್ನು ನಾನು ಕಂಡಿದ್ದೇನೆ. ನನ್ನ ಪಾಲಿಗೆ ಉಳಿದದ್ದು ನೀರು ಮತ್ತು ನಡಿಗೆಯ ಕೊನೆಯ ಭಾಗ. ಎದ್ದ ಕೂಡಲೇ ಒಂದೂವರೆ ಲೋಟ, ಅಂದರೆ ಸುಮಾರು 300 ಮಿಲಿಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಮನೆಯಲ್ಲಿಯೇ ಇದ್ದು, ಮೂತ್ರ ವಿಸರ್ಜನೆ ಮುಗಿಸಿ ಹೊರಡುವುದು. ಕೊನೆಯ ಐದು ನಿಮಿಷ ವೇಗ ತಗ್ಗಿಸಿ ನಡೆದು ಮನೆಗೇ ಬಂದು ನಿಲ್ಲುವುದು, ನಡುವೆ ಬೆಂಚಿಲ್ಲ. ನೀರು ಒಳ್ಳೆಯದೆಂದು ದಿನಕ್ಕೆ ನಾಲ್ಕು ಲೀಟರ್ ಕುಡಿಯುವುದು ಬೇಡ ಎಂದೂ ಒತ್ತಿ ಹೇಳಿದೆ. ಇಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಅತಿಯಾದ ನೀರು ರಕ್ತದ ಸೋಡಿಯಂ ಇಳಿಸಿ ಇನ್ನೊಂದು ಬಗೆಯ ಸುಸ್ತನ್ನು ತರಬಲ್ಲದು.

ಎರಡು ವಾರಗಳಲ್ಲಿ ಈ ತಲೆಸುತ್ತು ನಿಂತಿತು. ಮಾತ್ರೆ, ನೀರು, ಬೆಂಚು ಮೂರೂ ಒಂದೇ ವಾರದಲ್ಲಿ ಬದಲಾದ ಕಾರಣ ಯಾವುದರ ಪಾಲು ಎಷ್ಟೆಂದು ಈ ಪ್ರಕರಣದಿಂದ ಹೇಳಲು ಬರುವುದಿಲ್ಲ. ಮಾತ್ರೆಯ ಪಾಲೇ ದೊಡ್ಡದೆಂದು ನನ್ನ ಅನಿಸಿಕೆ.

11ರ ತೂಕಡಿಕೆ

ಇದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ರಾತ್ರಿ ಟಿವಿ ನೋಡಿ ಮಲಗುವುದು 11:30ಕ್ಕೆ, ಏಳುವುದು 5ಕ್ಕೆ. ಐದೂವರೆ ಗಂಟೆಯಷ್ಟೇ ಮಲಗುವುದರಿಂದ ಬೀಳುವ ನಿದ್ದೆಯ ಬಾಕಿಯನ್ನು ಯಾವ ಆಹಾರವೂ ತೀರಿಸುವುದಿಲ್ಲ. 10ರ ಸಿಹಿ ಕಾಫಿ ಮತ್ತು ಬಿಸ್ಕತ್ತು ಬೇಗ ಜೀರ್ಣವಾಗಿ, ಬೇಗ ಮುಗಿದು, ಮತ್ತೆ ಹಸಿವನ್ನು ಎಬ್ಬಿಸುತ್ತಿದ್ದುದು ಅದಕ್ಕೆ ಇನ್ನಷ್ಟು ಸೇರಿಸಿರಬಹುದು. ನಸುಕಿನಲ್ಲಿಯೇ ನಡೆಯಬೇಕೆಂಬ ಹಟ ಏಕೆ ಎಂದು ಕೇಳಿದೆ. ಕೆಲಸವಿದ್ದಾಗ ಸ್ವಂತಕ್ಕೆ ಅದಲ್ಲದೆ ಬೇರೆ ಹೊತ್ತು ಇರುತ್ತಿರಲಿಲ್ಲ, ನಸುಕಿನಲ್ಲಿ ಏಳುವ ಆ ಅಭ್ಯಾಸ ಹಾಗೆಯೇ ಮುಂದುವರಿಯಿತು ಎಂದರು. ಈಗ ಕಚೇರಿಯಿಲ್ಲ. ಏಳುವುದನ್ನು 5:30ಕ್ಕೂ ನಡಿಗೆಯನ್ನು 6:15ಕ್ಕೂ ಒಯ್ದು, ಮಲಗುವುದನ್ನು 10:30ಕ್ಕೆ ತಂದೆವು. ತೂಕಡಿಕೆ ಅರ್ಧದಷ್ಟು ಕಡಿಮೆಯಾಯಿತು.

ಸಂಜೆಯ ಕಾಲುಗಳು

ಮೂರನೆಯ ಸುಸ್ತನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ಏಕೆಂದರೆ ಅದು ವಯಸ್ಸಿನ ಸಹಜ ಲಕ್ಷಣದಂತೆ ಕಾಣುತ್ತದೆ. ನನಗೆ ಹೆಚ್ಚು ಚಿಂತೆ ತಂದದ್ದು ಅದೇ. ಅವರನ್ನು ಕೈಗಳಿಲ್ಲದ ಕುರ್ಚಿಯೊಂದರಲ್ಲಿ ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರೆಂದು ಎಣಿಸಿದೆ. 60ರಿಂದ 64ರ ವಯಸ್ಸಿನ ಗಂಡಸರಲ್ಲಿ 14ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಎಂದು ಪರಿಗಣಿಸುತ್ತಾರೆ. ದಿನಕ್ಕೆ 5 ಕಿಲೋಮೀಟರ್ ನಡೆಯುವ ಈ ಮನುಷ್ಯರಿಗೆ 10 ಸಲ ಮಾತ್ರ ಸಾಧ್ಯವಾಯಿತು, ಕೊನೆಯ ಎರಡು ಸಲ ತೊಡೆ ನಡುಗುತ್ತಿತ್ತು.

ನಡೆಯುವವರ ಕಾಲು ಗಟ್ಟಿಯಿರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ನಡಿಗೆ ಹೃದಯಕ್ಕೆ, ಉಸಿರಿಗೆ, ರಕ್ತದೊತ್ತಡಕ್ಕೆ ಮಾಡುವ ಕೆಲಸ ಬಹಳ, ಆದರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಯ ಸ್ನಾಯು ತನ್ನ ಪೂರ್ತಿ ಬಲದ ಒಂದು ಸಣ್ಣ ಭಾಗವನ್ನಷ್ಟೇ ಬಳಸುತ್ತದೆ. ಸ್ನಾಯು ಬೆಳೆಯಲು ಅಥವಾ ಉಳಿಯಲು ಅದು ಸಾಲುವುದಿಲ್ಲ. ಬಲ ಹಾಕುವ ವ್ಯಾಯಾಮವಿಲ್ಲದೆ, ಬರೀ ಊಟ ತಗ್ಗಿಸಿ ತೂಕ ಇಳಿಸಿದಾಗ ಇಳಿಯುವುದು ಕೊಬ್ಬು ಮಾತ್ರವಲ್ಲ, ಸಾಮಾನ್ಯವಾಗಿ ಸುಮಾರು ಕಾಲು ಭಾಗ ಕೊಬ್ಬಲ್ಲದ ದೇಹಭಾಗದಿಂದ ಹೋಗುತ್ತದೆ, ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಹಾಗೆ ನೋಡಿದರೆ ಇವರ ಐದೂವರೆ ಕಿಲೋಗ್ರಾಂನಲ್ಲಿ ಒಂದಕ್ಕಿಂತ ಹೆಚ್ಚು ಕಿಲೋಗ್ರಾಂ ಹೋಗಬಾರದ್ದು ಹೋಗಿರಬೇಕು. ತೂಕದ ಯಂತ್ರ ಅದನ್ನು ಬೇರೆಯಾಗಿ ತೋರಿಸುವುದಿಲ್ಲ. ಅವರ ಪುಸ್ತಕದಲ್ಲಿ ಅದೂ ಸಾಧನೆಯ ಅಂಕಣಕ್ಕೇ ಸೇರಿತ್ತು.

ಸ್ನಾಯುವಿನ ಮೂಲವಸ್ತು ಪ್ರೋಟೀನ್. ಆರೋಗ್ಯವಂತ ಹಿರಿಯರಿಗೆ ದೇಹದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂಬುದು ಈಗ ವೃದ್ಧಾಪ್ಯದ ಪೋಷಣೆಯನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಒಪ್ಪುವ ಅಳತೆ. ಇವರಿಗೆ ಅದು ದಿನಕ್ಕೆ 68ರಿಂದ 82 ಗ್ರಾಂ. ಪುಸ್ತಕದಲ್ಲಿದ್ದ ಊಟವನ್ನು ಕೂಡಿದಾಗ ಬಂದದ್ದು ಸುಮಾರು 35 ಗ್ರಾಂ. ಮಧ್ಯಾಹ್ನದ ಅನ್ನ, ತೆಳು ಬೇಳೆ, ಮೊಸರಿನಿಂದ ಅದರ ಅರ್ಧಕ್ಕಿಂತ ಹೆಚ್ಚು ಬರುತ್ತಿತ್ತು, ಬೆಳಿಗ್ಗೆ ಬಿಸ್ಕತ್ತಿನಿಂದ ಬರುತ್ತಿದ್ದುದು ಎರಡು ಗ್ರಾಂ. ಹಿಂದಿನ ಮಧ್ಯಾಹ್ನದ ಊಟದಿಂದ ಮರುದಿನ ಮಧ್ಯಾಹ್ನದವರೆಗೆ, ಅಂದರೆ ಹತ್ತಿರ ಹತ್ತಿರ 24 ಗಂಟೆ, ಒಂದು ಲೋಟ ಹಾಲು ಬಿಟ್ಟರೆ ಸ್ನಾಯುವಿಗೆ ಲೆಕ್ಕಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ.

ಇಲ್ಲಿ ಹೊತ್ತಿನ ಅಂಕಣ ಮತ್ತೆ ಮುಖ್ಯವಾಗುತ್ತದೆ. ಯುವಕರ ಸ್ನಾಯು ಸಣ್ಣ ಪ್ರಮಾಣದ ಪ್ರೋಟೀನಿಗೂ ಸ್ಪಂದಿಸಿ ತನ್ನ ದುರಸ್ತಿಯನ್ನು ಆರಂಭಿಸುತ್ತದೆ. ವಯಸ್ಸಾದಂತೆ ಈ ಸ್ಪಂದನೆ ಮಂದವಾಗುತ್ತದೆ, ಒಂದು ಹೊತ್ತಿಗೆ 25ರಿಂದ 30 ಗ್ರಾಂನಷ್ಟು ಸಿಕ್ಕಾಗಲೇ ಅದು ಚೆನ್ನಾಗಿ ಎಚ್ಚೆತ್ತುಕೊಳ್ಳುತ್ತದೆ. ಆದ್ದರಿಂದ 70 ಗ್ರಾಂ ಪ್ರೋಟೀನನ್ನು ರಾತ್ರಿ ಒಂದೇ ಊಟದಲ್ಲಿ ತಿನ್ನುವುದಕ್ಕಿಂತ, ಮೂರು ಹೊತ್ತಿಗೆ ಹಂಚಿ ತಿನ್ನುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಉಪಯುಕ್ತ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಪ್ರಮಾಣ ಹೊಂದುವುದಿಲ್ಲ. ಕ್ರಿಯಾಟಿನಿನ್ ವರದಿಯನ್ನು ಮೊದಲೇ ನೋಡಿದ್ದು ಅದಕ್ಕಾಗಿಯೇ.

ಹೊಸ ತಟ್ಟೆಯನ್ನು ಅವರ ಪತ್ನಿಯ ಜೊತೆ ಕುಳಿತು ನಿರ್ಧರಿಸಿದೆವು, ಏಕೆಂದರೆ ಅಡುಗೆ ಮಾಡುವವರು ಅವರು. ಬೆಳಿಗ್ಗೆ 7:45ಕ್ಕೆ, ನಡಿಗೆ ಮುಗಿದ ಅರ್ಧ ಗಂಟೆಯೊಳಗೆ, ಹಾಲಿನಲ್ಲಿ ಬೇಯಿಸಿದ ಒಂದು ಬಟ್ಟಲು ಓಟ್ಸ್ ಮತ್ತು ಎರಡು ಬೇಯಿಸಿದ ಮೊಟ್ಟೆ. ಇದರಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಮಧ್ಯಾಹ್ನ 1ಕ್ಕೆ ಅನ್ನವನ್ನು ಕಾಲು ಭಾಗ ತಗ್ಗಿಸಿ, ಬೇಳೆಯನ್ನು ಗಟ್ಟಿಯಾಗಿ ಒಂದೂವರೆ ಬಟ್ಟಲು, ಒಂದು ಬಟ್ಟಲು ಮೊಸರು, ತರಕಾರಿ. 5ರ ಕಾಫಿಯ ಜೊತೆ ಒಂದು ಹಿಡಿ ಕಡಲೆಕಾಯಿ ಬೀಜ. ರಾತ್ರಿ 7:45ಕ್ಕೆ ಎರಡು ಗೋಧಿ ರೊಟ್ಟಿ, ಒಂದು ಬಟ್ಟಲು ಬೇಯಿಸಿದ ಕಾಳು, ಒಂದು ಲೋಟ ಹಾಲು. ಒಟ್ಟು 75ರಿಂದ 80 ಗ್ರಾಂ. ಮೊಟ್ಟೆ ತಿನ್ನದವರಾಗಿದ್ದರೆ ಬೆಳಗಿನ ಹೊತ್ತು ಕಷ್ಟವಾಗುತ್ತಿತ್ತು, ಆಗ ಮೊಳಕೆ ಕಾಳು, ಮೊಸರು, ಪನೀರನ್ನು ಕೂಡಿಸಿ ಅದೇ ಅಂಕಿಗೆ ಬರಬೇಕಾಗುತ್ತಿತ್ತು.

ನಡಿಗೆಗೆ ಮುಂಚೆ ಏನಾದರೂ ತಿನ್ನಲೇಬೇಕೇ ಎಂದು ಅವರು ಕೇಳಿದರು. ತಿನ್ನಲೇಬೇಕೆಂದಿಲ್ಲ. ಹಿಂದಿನ ರಾತ್ರಿ ಸರಿಯಾಗಿ ಊಟ ಮಾಡಿದವರಿಗೆ ಒಂದು ಗಂಟೆಯ ನಡಿಗೆಗೆ ಬೇಕಾದ ಇಂಧನ ದೇಹದಲ್ಲಿಯೇ ಇರುತ್ತದೆ. ಇವರಿಗೆ ಹೊಟ್ಟೆ ಸಂಕಟವಾಗುತ್ತಿದ್ದುದರಿಂದ ಅರ್ಧ ಬಾಳೆಹಣ್ಣು ತಿಂದು ನೋಡಿ ಎಂದೆ, ಅದು ಅವರಿಗೆ ಒಗ್ಗಿತು. ಹಾಗೆ ಒಗ್ಗದವರು ಬರೀ ನೀರು ಕುಡಿದು ನಡೆದರೂ ತೊಂದರೆಯಿಲ್ಲ.

ಊಟದ ಜೊತೆಗೆ ಸ್ನಾಯುವಿಗೆ ಕೆಲಸವನ್ನೂ ಕೊಡಬೇಕಿತ್ತು, ಇಲ್ಲದಿದ್ದರೆ ತಿಂದ ಪ್ರೋಟೀನಿನ ಬಹುಪಾಲು ಬರೀ ಇಂಧನವಾಗಿ ಉರಿದುಹೋಗುತ್ತದೆ. ನಡಿಗೆಯನ್ನು ವಾರಕ್ಕೆ ಐದು ದಿನಕ್ಕೆ ಇಳಿಸಿ, ಉಳಿದ ಎರಡು ದಿನ ಮತ್ತು ನಡುವಿನ ಒಂದು ದಿನ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದನ್ನು ಎಂಟು ಸಲದಂತೆ ಎರಡು ಸುತ್ತು, ಗೋಡೆಗೆ ಕೈಯಿಟ್ಟು ಒತ್ತುವುದನ್ನು ಎರಡು ಸುತ್ತು ಮಾಡಲು ಹೇಳಿದೆ. ಎಂಟು ಸಲ ಸುಲಭವೆನಿಸಿದ ವಾರ ಹತ್ತಕ್ಕೆ ಏರಿಸುವುದು, ಆಮೇಲೆ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಮಾಡುವುದು. ಎದ್ದು ಕೂರುವಾಗ ಉಸಿರು ಕಟ್ಟಬಾರದು, ರಕ್ತದೊತ್ತಡ ಇರುವವರಿಗೆ ಇದು ಮುಖ್ಯ.

ನಾಲ್ಕನೆಯ ವಾರದ ಗಾಬರಿ

ಹೊಸ ಕ್ರಮ ಸುರುವಾಗಿ ನಾಲ್ಕು ವಾರಕ್ಕೆ ಅವರಿಂದ ಫೋನ್ ಬಂತು. ತೂಕ 68.5ರಿಂದ 69.7ಕ್ಕೆ ಏರಿತ್ತು. "ಹತ್ತು ವಾರ ಕಷ್ಟಪಟ್ಟದ್ದು ವಾಪಸು ಬರ್ತಿದೆ ಮೇಡಂ" ಎಂದರು. ಮೂರು ದಿನದಿಂದ ರಾತ್ರಿಯ ಊಟವನ್ನು ಮತ್ತೆ ಹಣ್ಣು ಹಾಲಿಗೆ ಇಳಿಸಿದ್ದನ್ನು ಅವರು ಹೇಳಲಿಲ್ಲ, ಪಕ್ಕದಲ್ಲಿದ್ದ ಪತ್ನಿ ಹೇಳಿದರು. ಸಂಜೆಯ ಕಾಲು ಸೋಲುವುದೂ ಮತ್ತೆ ಕಾಣಿಸಿಕೊಂಡಿತ್ತು.

ಏರಿದ ತೂಕ ಯಾವುದು ಎಂಬುದನ್ನು ತೂಕದಿಂದ ತಿಳಿಯಲು ಆಗುವುದಿಲ್ಲ, ಬೇರೆ ಎರಡು ಅಳತೆ ಬೇಕು. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ನೋಡಿಸಿದೆ, ಮೊದಲ ದಿನ 92 ಸೆಂಟಿಮೀಟರ್ ಇದ್ದದ್ದು ಈಗ 91.5. ಕುರ್ಚಿಯ ಎಣಿಕೆ 10ರಿಂದ 12ಕ್ಕೆ ಏರಿತ್ತು. ಕೊಬ್ಬು ತುಂಬುತ್ತಿದ್ದರೆ ಸೊಂಟ ಹಿಗ್ಗಬೇಕಿತ್ತು. ತಿಂಗಳುಗಟ್ಟಲೆ ಕಡಿಮೆ ತಿಂದವರು ಸರಿಯಾಗಿ ತಿನ್ನಲು ಆರಂಭಿಸಿದಾಗ ಸ್ನಾಯುಗಳಲ್ಲಿ ಬರಿದಾಗಿದ್ದ ಗ್ಲೈಕೋಜೆನ್ ಮತ್ತೆ ತುಂಬಿಕೊಳ್ಳುತ್ತದೆ, ಮತ್ತು ಅದರ ಪ್ರತಿ ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ 1.2 ಕಿಲೋಗ್ರಾಂನ ಬಹುಪಾಲು ಅದೇ ಆಗಿತ್ತು ಎಂದು ನನ್ನ ತಿಳುವಳಿಕೆ. ಅವರಿಗೆ ಇದನ್ನು ಹೇಳಿ, ಪುಸ್ತಕದಲ್ಲಿ ತೂಕದ ಪಕ್ಕದಲ್ಲಿಯೇ ಸೊಂಟಕ್ಕೂ ಕುರ್ಚಿಯ ಎಣಿಕೆಗೂ ಒಂದೊಂದು ಅಂಕಣ ತೆರೆಯಲು ಹೇಳಿದೆ. ಮೊದಲ ಭೇಟಿಯಲ್ಲಿಯೇ ನಾನು ಇದನ್ನು ಹೇಳಬೇಕಿತ್ತು. ತೂಕವೊಂದನ್ನೇ ಬರೆಯುವವರಿಗೆ ಅದು ಏರಿದಾಗ ಗಾಬರಿಯಾಗುವುದು ಸಹಜ, ಮತ್ತು ನಾನು ಮುನ್ಸೂಚನೆ ಕೊಡದೆ ಹೋದದ್ದರಿಂದ ಅವರು ಮೂರು ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದರು.

ಹನ್ನೆರಡನೆಯ ವಾರ

ಹನ್ನೆರಡು ವಾರಗಳ ಕೊನೆಗೆ ತೂಕ 69.4, ಸೊಂಟ 90, ಕುರ್ಚಿಯ ಎಣಿಕೆ 15. ಅರ್ಧ ಮಾತ್ರೆಯಲ್ಲಿ ಮನೆಯಲ್ಲಿ ಅಳೆದ ಬೆಳಗಿನ ರಕ್ತದೊತ್ತಡ 126/78ರ ಆಸುಪಾಸಿನಲ್ಲಿ ನಿಂತಿದೆ, ಎದ್ದು ನಿಂತಾಗ ಇಳಿಯುವುದು 8 ಮಾತ್ರ. ಮೆಟ್ಟಿಲಿನ ಕಂಬಿಯನ್ನು ಈಗ ಹಿಡಿಯುವುದಿಲ್ಲವೆಂದು ಪತ್ನಿ ತಿಳಿಸಿದರು. ನಡಿಗೆ 5 ಕಿಲೋಮೀಟರಿನಿಂದ ನಾಲ್ಕೂವರೆಗೆ ಇಳಿದಿರುವುದು ಅವರಿಗೆ ಇನ್ನೂ ಕೊರತೆಯಂತೆಯೇ ತೋರುತ್ತದೆ, ನನಗೆ ಹಾಗೆ ತೋರುವುದಿಲ್ಲ.

ಪೂರ್ತಿ ಬಗೆಹರಿಯದೆ ಉಳಿದಿರುವುದು 11ರ ತೂಕಡಿಕೆ. ನಿದ್ದೆ ಈಗ ಏಳು ಗಂಟೆ ಮುಟ್ಟಿದರೂ ವಾರದಲ್ಲಿ ಎರಡು ದಿನ ಅದು ಬರುತ್ತದೆ. ರಾತ್ರಿ ಗೊರಕೆ ಹೊಡೆಯುತ್ತಾರೆ, ನಡುವೆ ಒಮ್ಮೊಮ್ಮೆ ಉಸಿರು ನಿಂತು ಮತ್ತೆ ಹಿಡಿಯುತ್ತದೆ ಎಂದು ಪತ್ನಿ ಕೊನೆಯ ಭೇಟಿಯಲ್ಲಿ, ಹೊರಡುವಾಗ, ಬಾಗಿಲ ಬಳಿ ನಿಂತು ಹೇಳಿದರು. ಅದು ಊಟದ ವ್ಯಾಪ್ತಿಯ ವಿಷಯವಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷಿಸಲು ಕೋರಿ ಅವರ ವೈದ್ಯರಿಗೆ ಪತ್ರ ಬರೆದುಕೊಟ್ಟಿದ್ದೇನೆ, ಜೊತೆಗೆ ಹೆಚ್ಚಿದ ಪ್ರೋಟೀನನ್ನು ಗಮನದಲ್ಲಿಟ್ಟು ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತೊಮ್ಮೆ ನೋಡಬೇಕೆಂದೂ ಸೇರಿಸಿದ್ದೇನೆ.